ವಿಷಯ: ಹಣಕಾಸು ವಿಭಾಗದ ಶೇರ್ಡ್ ಫೋಲ್ಡರ್‌ನ ಎರಡು ಉಪಫೋಲ್ಡರ್‌ಗಳಿಗೆ ಓದುವ ಅನುಮತಿ ಕೋರಿ

ಗೆ: ಐಟಿ ನಿರ್ವಾಹಕರು
ಪ್ರತಿ: ಖರೀದಿ ವಿಭಾಗದ ವ್ಯವಸ್ಥಾಪಕರು, ಹಣಕಾಸು ವಿಭಾಗದ ಮುಖ್ಯಸ್ಥರು
ಲಗತ್ತು: ಹಣಕಾಸು ವಿಭಾಗದ ಮುಖ್ಯಸ್ಥರ ಒಪ್ಪಿಗೆಯ ಇಮೇಲ್

ಮಾನ್ಯರೇ,

ನಾನು ಖರೀದಿ ವಿಭಾಗದಲ್ಲಿ ಸಂಯೋಜಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಹಣಕಾಸು ವಿಭಾಗದ ಶೇರ್ಡ್ ಫೋಲ್ಡರ್‌ನಲ್ಲಿರುವ ಈ ಕೆಳಗಿನ ಎರಡು ಉಪಫೋಲ್ಡರ್‌ಗಳಿಗೆ ನನಗೆ ಓದುವ ಅನುಮತಿಯನ್ನು ಮಾತ್ರ ಕೊಡಬೇಕೆಂದು ಕೋರುತ್ತೇನೆ. ಅಲ್ಲಿನ ಕಡತಗಳನ್ನು ತಿದ್ದುವ, ಅಳಿಸುವ ಅಥವಾ ಹೊಸ ಕಡತ ಸೇರಿಸುವ ಅನುಮತಿ ನನಗೆ ಬೇಕಿಲ್ಲ.

```
\\fs01\Finance\Budget\Current
\\fs01\Finance\Payables\Status
```

ಮೊದಲನೆಯದರಲ್ಲಿ ಪ್ರತಿ ವಿಭಾಗಕ್ಕೆ ಮಂಜೂರಾದ ಮೊತ್ತ, ಈಗಾಗಲೇ ಖರ್ಚಾಗಿರುವುದು ಮತ್ತು ಉಳಿಕೆ ಇರುವ ಬಜೆಟ್ ಹಾಳೆಗಳಿವೆ. ಎರಡನೆಯದರಲ್ಲಿ ಸರಬರಾಜುದಾರರ ಬಿಲ್ಲುಗಳು ಯಾವ ಹಂತದಲ್ಲಿವೆ, ಪಾವತಿ ಯಾವ ದಿನ ಆಯಿತು ಎಂಬ ಪಟ್ಟಿ ಇದೆ. ಅದೇ ಶೇರ್‌ನೊಳಗಿರುವ ಸಂಬಳ, ಬ್ಯಾಂಕ್ ಹೊಂದಾಣಿಕೆ ಮತ್ತು ತೆರಿಗೆಯ ಫೋಲ್ಡರ್‌ಗಳಿಗೆ ನನ್ನ ಕೆಲಸದೊಂದಿಗೆ ಯಾವ ಸಂಬಂಧವೂ ಇಲ್ಲ. ಅವು ನನ್ನ ಕಣ್ಣಿಗೆ ಬೀಳದಿರುವುದೇ ಒಳ್ಳೆಯದೆಂದು ಭಾವಿಸುತ್ತೇನೆ.

ಈ ಕೋರಿಕೆಗೆ ಕಾರಣವಾದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ನಾಲ್ಕು ತಿಂಗಳ ಹಿಂದೆ ಈ ಹೊಣೆಯನ್ನು ವಹಿಸಿಕೊಂಡಾಗ, ನನಗಿಂತ ಮುಂಚೆ ಈ ಸ್ಥಾನದಲ್ಲಿದ್ದ ಸಹೋದ್ಯೋಗಿ ತಾವು ಬಳಸುತ್ತಿದ್ದ ಎಕ್ಸೆಲ್ ವರ್ಕ್‌ಬುಕ್ಕನ್ನು ನನಗೆ ಒಪ್ಪಿಸಿದರು. ಪ್ರತಿ ಖರೀದಿ ಬೇಡಿಕೆ ಬಂದಾಗ ಸಂಬಂಧಿಸಿದ ವಿಭಾಗದ ಬಜೆಟ್‌ನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅದು ತೋರಿಸುತ್ತದೆ, ಮತ್ತು ಆ ಅಂಕಿಯನ್ನು ನೋಡಿಯೇ ನಾವು ಬೇಡಿಕೆಯನ್ನು ಮುಂದಕ್ಕೆ ಕಳಿಸುತ್ತೇವೆ. ಆ ಉಳಿಕೆಯ ಅಂಕಿ ವರ್ಕ್‌ಬುಕ್‌ನ ಒಳಗೆ ಲೆಕ್ಕವಾಗುವುದಲ್ಲ, ಮೇಲೆ ಹೇಳಿದ ಬಜೆಟ್ ಫೋಲ್ಡರ್‌ನ ಹಾಳೆಯಿಂದ ಲಿಂಕ್ ಮೂಲಕ ಬರುವಂಥದ್ದು. ಅವರಿಗೆ ಆ ಫೋಲ್ಡರ್ ಓದುವ ಅನುಮತಿ ಇತ್ತು, ನನಗೆ ಇಲ್ಲ. ಮೂಲ ಕಡತವನ್ನು ತಲುಪಲಾಗದಿದ್ದಾಗ ಎಕ್ಸೆಲ್ ಆ ಜಾಗವನ್ನು ಖಾಲಿ ಬಿಡುವುದಿಲ್ಲ, ಕೊನೆಯ ಬಾರಿ ಸಿಕ್ಕಿದ್ದ ಅಂಕಿಯನ್ನೇ ಉಳಿಸಿಕೊಂಡು ತೋರಿಸುತ್ತದೆ. ಕಡತ ತೆರೆಯುವಾಗ ಲಿಂಕ್ ನವೀಕರಿಸಲು ಆಗಲಿಲ್ಲ ಎಂಬ ಸೂಚನೆಯೊಂದು ಬರುತ್ತದೆ ನಿಜ, ಆದರೆ ಅದನ್ನು ಮುಚ್ಚಿದ ಮೇಲೆ ಹಾಳೆಯಲ್ಲಿರುವ ಹಳೆಯ ಅಂಕಿಗೂ ಹೊಸ ಅಂಕಿಗೂ ನೋಟಕ್ಕೆ ಏನೂ ವ್ಯತ್ಯಾಸವಿರುವುದಿಲ್ಲ.

ಇದರಿಂದ ಕಳೆದ ತಿಂಗಳು ಒಂದು ತಪ್ಪು ನಡೆಯಿತು. ಮುದ್ರಣ ಯಂತ್ರಗಳ ವಾರ್ಷಿಕ ನಿರ್ವಹಣೆಯ ಬೇಡಿಕೆಯೊಂದನ್ನು, ಬಜೆಟ್‌ನಲ್ಲಿ ಸಾಕಷ್ಟು ಉಳಿಕೆ ಇದೆ ಎಂದು ಹಾಳೆಯನ್ನು ನೋಡಿ ನಾನು ಮುಂದಕ್ಕೆ ಕಳಿಸಿದೆ. ವಾಸ್ತವದಲ್ಲಿ ಆ ಶೀರ್ಷಿಕೆಯಡಿಯ ಹಣ ಅದಾಗಲೇ ಬಹುಪಾಲು ಖರ್ಚಾಗಿತ್ತು. ಹಣಕಾಸು ವಿಭಾಗ ಅದನ್ನು ತಡೆಹಿಡಿಯಿತು, ಸರಬರಾಜುದಾರರಿಗೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು, ಮತ್ತು ಬೇರೆ ಶೀರ್ಷಿಕೆಯಿಂದ ಮೊತ್ತ ವರ್ಗಾವಣೆಯಾಗಿ ಆದೇಶ ಹೊರಡುವ ಹೊತ್ತಿಗೆ ಒಂಬತ್ತು ಕೆಲಸದ ದಿನಗಳು ಕಳೆದಿದ್ದವು. ಆ ಸೂಚನೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ಅದು ನನ್ನದೇ ಲೋಪ. ಆದರೆ ಪ್ರತಿದಿನ ಅದೇ ಸೂಚನೆ ಬರುತ್ತಿದ್ದರೆ ಅದನ್ನು ಓದದೆ ಮುಚ್ಚುವ ಅಭ್ಯಾಸ ಯಾರಿಗಾದರೂ ಆಗಿಬಿಡುತ್ತದೆ.

ಅಂದಿನಿಂದ ಆ ಹಾಳೆಯನ್ನು ನಂಬುವುದನ್ನು ಬಿಟ್ಟು, ಪ್ರತಿ ಬೇಡಿಕೆಗೂ ಹಣಕಾಸು ವಿಭಾಗಕ್ಕೆ ಇಮೇಲ್ ಬರೆದು ಉಳಿಕೆಯನ್ನು ಕೇಳುತ್ತಿದ್ದೇನೆ. ಕಳೆದ ನಾಲ್ಕು ವಾರಗಳಲ್ಲಿ ಇಂಥ 43 ಇಮೇಲ್‌ಗಳನ್ನು ಕಳಿಸಿದ್ದೇನೆಂದು ನನ್ನ ಕಳಿಸಿದ ಅಂಚೆಯ ಪೆಟ್ಟಿಗೆ ಹೇಳುತ್ತದೆ. ಅಲ್ಲಿ ಇದಕ್ಕೆ ಉತ್ತರಿಸುವವರು ಇಬ್ಬರು. ತಿಂಗಳ ಕೊನೆಯ ದಿನಗಳಲ್ಲಿ ಅವರಿಗೆ ತಲೆ ಎತ್ತಲೂ ಪುರಸೊತ್ತಿರುವುದಿಲ್ಲ, ಖರೀದಿ ಬೇಡಿಕೆಗಳು ಹೆಚ್ಚಾಗಿ ಬರುವುದೂ ಅದೇ ದಿನಗಳಲ್ಲಿ. ಅವರು ಸೌಜನ್ಯದಿಂದ ಇಡೀ ಬಜೆಟ್ ಹಾಳೆಯನ್ನೇ ಲಗತ್ತಿಸಿ ಕಳಿಸುವುದೂ ಉಂಟು. ಹೀಗಾಗಿ ಒಂದೇ ಹಾಳೆಯ ಆರು ಪ್ರತಿಗಳು, ಆರು ಬೇರೆ ಬೇರೆ ದಿನಗಳ ಅಂಕಿಗಳೊಂದಿಗೆ, ಸದ್ಯ ನನ್ನ ಇಮೇಲ್ ಪೆಟ್ಟಿಗೆಯಲ್ಲಿ ಬಿದ್ದಿವೆ. ಭದ್ರತೆಯ ದೃಷ್ಟಿಯಿಂದ ನೋಡಿದರೂ ಇದು ಓದುವ ಅನುಮತಿ ಕೊಡುವುದಕ್ಕಿಂತ ಕೆಟ್ಟ ಏರ್ಪಾಡು ಎಂಬುದು ನನ್ನ ಅಭಿಪ್ರಾಯ: ಫೋಲ್ಡರ್‌ನ ಅನುಮತಿಯನ್ನು ತಾವು ಯಾವಾಗ ಬೇಕಾದರೂ ಹಿಂಪಡೆಯಬಹುದು, ಇಮೇಲ್‌ನಲ್ಲಿ ಹೋದ ಪ್ರತಿಯನ್ನು ಹಿಂಪಡೆಯುವುದು ಸುಲಭವಲ್ಲ, ಮತ್ತು ಅದು ಮುಂದೆ ಯಾರ ಕೈಗೆ ಹೋಯಿತೆಂಬುದಕ್ಕೆ ಫೋಲ್ಡರ್‌ನ ದಾಖಲೆಯಲ್ಲಿ ಯಾವ ಗುರುತೂ ಉಳಿಯುವುದಿಲ್ಲ.

ಪಾವತಿ ಸ್ಥಿತಿಯ ಫೋಲ್ಡರ್‌ನ ಅಗತ್ಯ ಇಷ್ಟು ತೀವ್ರವಾದುದಲ್ಲ, ಆದರೆ ನಿತ್ಯದ್ದು. ತಮ್ಮ ಬಿಲ್ಲು ಎಲ್ಲಿಗೆ ಬಂತೆಂದು ಸರಬರಾಜುದಾರರು ಮೊದಲು ಕರೆ ಮಾಡುವುದು ನಮಗೇ. ಖರೀದಿ ಆದೇಶ, ಸರಕು ಸ್ವೀಕೃತಿ ಮತ್ತು ಬಿಲ್ಲು ಈ ಮೂರೂ ಒಂದಕ್ಕೊಂದು ತಾಳೆಯಾಗದೆ ಪಾವತಿ ಆಗುವುದಿಲ್ಲವಾದ್ದರಿಂದ, ತಡವಾಗಿರುವ ಬಿಲ್ಲುಗಳಲ್ಲಿ ಹಲವು ನಮ್ಮ ಕಡೆಯ ಸ್ವೀಕೃತಿ ದಾಖಲೆಗಾಗಿಯೇ ಕಾಯುತ್ತಿರುತ್ತವೆ. ಪಟ್ಟಿಯನ್ನು ನೇರವಾಗಿ ನೋಡುವಂತಾದರೆ ಯಾರೂ ಕೇಳುವ ಮೊದಲೇ ಅಂಥವನ್ನು ಗುರುತಿಸಿ ಸರಿಪಡಿಸಬಹುದು. ಇದಲ್ಲದೆ ಮುಂದಿನ ತಿಂಗಳು ಆಂತರಿಕ ಲೆಕ್ಕಪರಿಶೋಧನೆ ಆರಂಭವಾಗಲಿದ್ದು, ಪರಿಶೋಧಕರು ಆರಿಸುವ 60 ಖರೀದಿ ಆದೇಶಗಳಿಗೆ ಪಾವತಿಯ ದಿನಾಂಕವನ್ನು ಸೇರಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಅನುಮತಿಯನ್ನು ಯಾವ ರೀತಿ ಕೊಡಬೇಕೆಂಬುದು ತಮ್ಮ ತೀರ್ಮಾನಕ್ಕೆ ಬಿಟ್ಟದ್ದು. ಆದರೂ ಈ ಪತ್ರವನ್ನು ಬರೆಯುವ ಮುನ್ನ ಹಣಕಾಸು ವಿಭಾಗದವರೊಂದಿಗೆ ಮಾತನಾಡಿದಾಗ ಎದ್ದ ಕೆಲವು ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತೇನೆ. ಮೇಲಿನ Finance ಫೋಲ್ಡರ್‌ಗೇ ಅನುಮತಿ ಕೊಟ್ಟರೆ ಅದು ಆನುವಂಶಿಕವಾಗಿ ಕೆಳಗಿನ ಫೋಲ್ಡರ್‌ಗಳಿಗೂ ಇಳಿದು, ಸಂಬಳದ ಕಡತಗಳೂ ನನಗೆ ತೆರೆದುಕೊಂಡೀತು ಎಂಬುದು ಅವರ ಮುಖ್ಯ ಆತಂಕ. ಎರಡು ಉಪಫೋಲ್ಡರ್‌ಗಳಿಗೆ ಮಾತ್ರ ಅನುಮತಿ ದೊರೆತರೆ ನನಗೆ ಸಾಕು. ಮೇಲಿನ ಫೋಲ್ಡರ್‌ನ ಪಟ್ಟಿ ನನಗೆ ಕಾಣದಿದ್ದರೂ ತೊಂದರೆಯಿಲ್ಲ. ಪೂರ್ತಿ ಪಾತ್ ಕೊಟ್ಟು ನೇರವಾಗಿ ತೆರೆಯುತ್ತೇನೆ, ವರ್ಕ್‌ಬುಕ್‌ನ ಲಿಂಕುಗಳೂ ಅದೇ ಪಾತ್‌ನಲ್ಲಿವೆ. ಆದ್ದರಿಂದ ಪಾತ್ ಬದಲಾಗದಂತೆ ನೋಡಿಕೊಂಡರೆ ಬಹಳ ಉಪಕಾರವಾಗುತ್ತದೆ.

ಇನ್ನೊಂದು ಅಂಶ ನನ್ನ ಹಿಂದಿನ ಸಹೋದ್ಯೋಗಿಯ ಅನುಮತಿಗೆ ಸಂಬಂಧಿಸಿದ್ದು. ಅದು ಅವರ ಖಾತೆಗೆ ವೈಯಕ್ತಿಕವಾಗಿ ಕೊಟ್ಟದ್ದಾಗಿತ್ತೆಂದೂ, ಆ ಕಾರಣದಿಂದಲೇ ಸ್ಥಾನದೊಂದಿಗೆ ನನಗೆ ಬರಲಿಲ್ಲವೆಂದೂ ಅವರೇ ತಿಳಿಸಿದ್ದಾರೆ. ಅವರೀಗ ಬೇರೆ ವಿಭಾಗದಲ್ಲಿದ್ದರೂ ಆ ಫೋಲ್ಡರ್ ಅವರಿಗೆ ಇನ್ನೂ ತೆರೆಯುತ್ತಿದೆ. ತಮಗೆ ಅದರ ಅಗತ್ಯವಿಲ್ಲ, ತೆಗೆದುಹಾಕುವಂತೆ ಈ ಪತ್ರದಲ್ಲೇ ತಿಳಿಸಿಬಿಡಿ ಎಂದು ಅವರು ಹೇಳಿದ್ದಾರೆ. ಸಾಧ್ಯವಾದರೆ ಈ ಬಾರಿ ನನ್ನ ಹೆಸರಿಗೆ ಕೊಡುವ ಬದಲು FIN_Purchase_RO ಎಂಬಂಥ ಒಂದು ಗುಂಪನ್ನು ರಚಿಸಿ, ಅನುಮತಿಯನ್ನು ಆ ಗುಂಪಿಗೆ ಕೊಟ್ಟು, ನನ್ನನ್ನು ಅದರಲ್ಲಿ ಸೇರಿಸಬಹುದೇ? ನಾಳೆ ನನ್ನ ಜಾಗಕ್ಕೆ ಮತ್ತೊಬ್ಬರು ಬಂದಾಗ ಗುಂಪಿನ ಸದಸ್ಯರನ್ನು ಬದಲಿಸಿದರೆ ಸಾಕಾಗುತ್ತದೆ, ಫೋಲ್ಡರ್‌ನ ಅನುಮತಿಗಳನ್ನು ಮುಟ್ಟಬೇಕಾಗುವುದಿಲ್ಲ.

ಓದುವ ಅನುಮತಿ ಎಂದರೆ ನಕಲು ಮಾಡಲಾಗದು ಎಂದರ್ಥವಲ್ಲ ಎಂಬುದು ನನಗೆ ತಿಳಿದಿದೆ. ಓದಬಲ್ಲವರು ಪ್ರತಿ ಮಾಡಿಕೊಳ್ಳಲೂ ಬಲ್ಲರು. ಹಾಗಾಗಿ ಈ ಕಡತಗಳನ್ನು ನನ್ನ ಲ್ಯಾಪ್‌ಟಾಪ್‌ನಲ್ಲಾಗಲಿ ಬೇರೆ ಎಲ್ಲಿಯಾಗಲಿ ಉಳಿಸಿಕೊಳ್ಳುವುದಿಲ್ಲ, ಖರೀದಿ ವಿಭಾಗದ ಹೊರಗಿನವರಿಗೆ ತೋರಿಸುವುದಿಲ್ಲ ಎಂದು ಈ ಮೂಲಕ ಲಿಖಿತವಾಗಿ ಒಪ್ಪುತ್ತೇನೆ. ಲಿಂಕ್ ಮೂಲಕ ನನ್ನ ವರ್ಕ್‌ಬುಕ್‌ಗೆ ಬಂದು ಕೂರುವ ಉಳಿಕೆಯ ಅಂಕಿಗಳು ಮಾತ್ರ ಇದಕ್ಕೆ ಹೊರತು. ಆ ವರ್ಕ್‌ಬುಕ್ ನಮ್ಮ ವಿಭಾಗದ ಫೋಲ್ಡರ್‌ನಲ್ಲೇ ಇದ್ದು, ಅದನ್ನು ನಾನು ಮತ್ತು ನಮ್ಮ ವ್ಯವಸ್ಥಾಪಕರು ಮಾತ್ರ ತೆರೆಯಬಹುದು. ಅನುಮತಿ ದೊರೆತ ದಿನವೇ ಇಮೇಲ್ ಪೆಟ್ಟಿಗೆಯಲ್ಲಿರುವ ಆರು ಪ್ರತಿಗಳನ್ನು ಅಳಿಸುತ್ತೇನೆ. ಈ ಎರಡು ಫೋಲ್ಡರ್‌ಗಳಲ್ಲಿ ಯಾರು ಯಾವ ಕಡತ ತೆರೆದರೆಂಬುದನ್ನು ದಾಖಲಿಸುವ ವ್ಯವಸ್ಥೆಯನ್ನು ತಾವು ಚಾಲನೆಗೊಳಿಸಲು ಬಯಸಿದರೆ ನನ್ನ ಆಕ್ಷೇಪವೇನೂ ಇಲ್ಲ.

ಅವಧಿಯ ಬಗ್ಗೆ: ಸದ್ಯಕ್ಕೆ ಆರು ತಿಂಗಳಿಗೆ ಕೊಟ್ಟು, ಆ ಬಳಿಕ ಹಣಕಾಸು ವಿಭಾಗದ ಮುಖ್ಯಸ್ಥರನ್ನು ಮತ್ತೊಮ್ಮೆ ಕೇಳಿ ಮುಂದುವರಿಸಬಹುದೆಂದು ಅವರೇ ಸೂಚಿಸಿದ್ದಾರೆ, ಕಳೆದ ಸೋಮವಾರ ಅವರು ಕಳಿಸಿದ ಒಪ್ಪಿಗೆಯನ್ನು ಲಗತ್ತಿಸಿದ್ದೇನೆ. ನಮ್ಮ ವ್ಯವಸ್ಥಾಪಕರು ಇದಕ್ಕೆ ಸಮ್ಮತಿಸಿದ್ದು, ಈ ಇಮೇಲ್‌ನ ಪ್ರತಿಯನ್ನು ಅವರಿಗೂ ಕಳಿಸಿದ್ದೇನೆ. ತಮಗೆ ಬೇರೆ ನಮೂನೆಯಲ್ಲಿ ಅರ್ಜಿ ಅಥವಾ ಟಿಕೆಟ್ ಬೇಕಿದ್ದರೆ ತಿಳಿಸಿ, ಅದೇ ದಿನ ಸಲ್ಲಿಸುತ್ತೇನೆ.

ಈ ವಾರದ ಶುಕ್ರವಾರದೊಳಗೆ ಆದರೆ ತಿಂಗಳಾಂತ್ಯದ ಬೇಡಿಕೆಗಳಿಗೆ ಮುಂಚೆಯೇ ಲಿಂಕುಗಳನ್ನು ಪರೀಕ್ಷಿಸಿ ನೋಡಲು ನನಗೆ ಸಮಯ ಸಿಗುತ್ತದೆ. ಗುಂಪಿಗೆ ಸೇರಿಸಿದ ಮೇಲೆ ಲಾಗ್ ಔಟ್ ಆಗಿ ಮತ್ತೆ ಲಾಗ್ ಇನ್ ಆದರೆ ಮಾತ್ರ ಹೊಸ ಅನುಮತಿ ಜಾರಿಗೆ ಬರುತ್ತದೆಂದು ಹಿಂದೊಮ್ಮೆ ತಮ್ಮ ವಿಭಾಗದವರೇ ತಿಳಿಸಿದ್ದರು. ಆದ್ದರಿಂದ ತಮ್ಮಿಂದ ಉತ್ತರ ಬಂದ ಕೂಡಲೇ ಹಾಗೆ ಮಾಡಿ, ಎರಡೂ ಫೋಲ್ಡರ್‌ಗಳು ತೆರೆಯುತ್ತವೆಯೇ, ಅಲ್ಲಿ ಒಂದು ಖಾಲಿ ಕಡತವನ್ನು ಉಳಿಸಲು ಹೋದರೆ ನಿರಾಕರಣೆ ಬರುತ್ತದೆಯೇ, ಸಂಬಳದ ಫೋಲ್ಡರ್ ಮುಚ್ಚಿಯೇ ಇದೆಯೇ ಎಂಬ ಮೂರನ್ನೂ ನೋಡಿ ತಮಗೆ ವರದಿ ಮಾಡುತ್ತೇನೆ.

ವಂದನೆಗಳೊಂದಿಗೆ,
ವಿನುತಾ
ಖರೀದಿ ಸಂಯೋಜಕಿ, ಖರೀದಿ ವಿಭಾಗ