ಕಿರಣ್‌ಗೆ, ಮೊದಲ ತಿಂಗಳ ಕ್ಲೋಸಿಂಗ್‌ಗೆ ಮುಂಚೆ

ಪೀಣ್ಯ, 27 ಅಕ್ಟೋಬರ್ 2025

ಪ್ರೀತಿಯ ಕಿರಣ್,

ಈ ಶುಕ್ರವಾರ 31ನೇ ತಾರೀಖು. ನೀನು ಕೂತು ಮಾಡುವ ಮೊದಲ ಕ್ಲೋಸಿಂಗ್, ಅಂದರೆ ತಿಂಗಳ ಲೆಕ್ಕ ಮುಗಿಸುವ ಕೆಲಸ. ಆ ದಿನ ಗಡಿಬಿಡಿಯಲ್ಲಿ ಏನು ಮಾಡಬೇಕು ಅಂತಷ್ಟೇ ಹೇಳೋಕಾಗುತ್ತದೆ, ಯಾಕೆ ಅಂತ ಹೇಳೋಕೆ ಪುರುಸೊತ್ತು ಇರುವುದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಈ ಸಲ ಶನಿವಾರ ರಾಜ್ಯೋತ್ಸವದ ರಜೆ, ಮರುದಿನ ಭಾನುವಾರ. ಹಾಗಾಗಿ ಶುಕ್ರವಾರ ಸಂಜೆಯ ಗೇಟ್ ರಿಜಿಸ್ಟರ್ ತುಂಬಾ ಮುಖ್ಯ. ಕೊನೆಯ ಲಾರಿಯ ಸಾಲಿನ ಕೆಳಗೆ ಗೆರೆ ಎಳೆದು ಸಹಿ ಹಾಕು. ಆ ಗೆರೆಯ ಮೇಲಿರುವ ಪ್ರತಿ ಡೆಲಿವರಿಗೂ ಅಕ್ಟೋಬರ್ ಇನ್‌ವಾಯ್ಸ್ ಇದೆಯಾ ನೋಡು. ಆರು ಗಂಟೆಗೆ ಮಾಲು ಹೊರಟು, ಬಿಲ್ಲನ್ನು ಸೋಮವಾರ ಮಾಡಿದರೆ ಏನಾಗುತ್ತದೆ? ಗೋದಾಮಿನಲ್ಲಿ ಮಾಲಿಲ್ಲ, ಪುಸ್ತಕದಲ್ಲಿ ಮಾರಾಟವೂ ಇಲ್ಲ. ಜೊತೆಗೆ ಜಿಎಸ್‌ಟಿ ಪ್ರಕಾರ ಮಾಲು ಹೊರಡುವ ಹೊತ್ತಿಗೆ ಇನ್‌ವಾಯ್ಸ್ ಆಗಿರಲೇಬೇಕು. ಒಳಗೆ ಬಂದ ಮಾಲಿಗೂ ಇದೇ ಮಾತು. ಎರಕದ ಬಿಡಿಭಾಗ ಬಂದಿದೆ, ಪಾರ್ಟಿಯ ಬಿಲ್ ಬಂದಿಲ್ಲ ಅಂದರೆ ಆರ್ಡರ್ ದರದಲ್ಲಿ ಪ್ರಾವಿಷನ್ ಹಾಕು, ಅಂದರೆ ಕೊಡಬೇಕಾದ ಮೊತ್ತವನ್ನು ಅಂದಾಜಿನಲ್ಲಿ ಪುಸ್ತಕಕ್ಕೆ ಬರೆ. ಇಲ್ಲದಿದ್ದರೆ ಸ್ಟಾಕ್ ಎಣಿಸಿದಾಗ ಮಾಲು ಸಿಗುತ್ತದೆ, ಕೊಡಬೇಕಾದ ದುಡ್ಡು ಮಾತ್ರ ಎಲ್ಲೂ ಕಾಣುವುದಿಲ್ಲ. ಲಾಭ ಸುಮ್ನೆ ಉಬ್ಬುತ್ತದೆ.

ಕ್ಯಾಶ್ ಪೆಟ್ಟಿಗೆಯನ್ನು ಅವತ್ತೇ ಎಣಿಸು, ನೋಟುವಾರು ಬರೆದಿಡು. ಐವತ್ತು ರೂಪಾಯಿ ವ್ಯತ್ಯಾಸ ಬಂದರೂ ಜೇಬಿನಿಂದ ಹಾಕಿ ಸರಿ ಮಾಡಬೇಡ. ನನಗೆ ಹೇಳು.

ಸೋಮವಾರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಟ್ಯಾಲಿ ಸಾಫ್ಟ್‌ವೇರ್‌ನಲ್ಲಿರುವ ನಮ್ಮ ಲೆಕ್ಕದ ಜೊತೆ ಒಂದೊಂದೇ ಸಾಲು ತಾಳೆ ನೋಡಬೇಕು. ಇದನ್ನು ಯಾವ ಕಾರಣಕ್ಕೂ ಮುಂದೂಡಬೇಡ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಎರಡು ತಿಂಗಳು ಇದನ್ನು ಬಿಟ್ಟಿದ್ದೆ. ಒಬ್ಬ ಗಿರಾಕಿಯ 84,500 ರೂಪಾಯಿ ಚೆಕ್ ಬೌನ್ಸ್ ಆಗಿತ್ತು. ನಮ್ಮ ಪುಸ್ತಕದಲ್ಲಿ ದುಡ್ಡು ಬಂದಿದೆ ಅಂತಲೇ ಇತ್ತು. ಬಾಕಿ ತೀರಿಸಿದ್ದಾರೆ ಅಂದುಕೊಂಡು ಸೇಲ್ಸ್‌ನವರು ಸಾಲದ ಮೇಲೆ ಮತ್ತೆ ಮೂರು ಲೋಡ್ ಕಳಿಸಿದರು. ಕೊನೆಗೆ ಒಟ್ಟು ಮೂರು ಲಕ್ಷದ ಮೇಲೆ ಸಿಕ್ಕಿಕೊಂಡಿತು. ಸ್ಟೇಟ್‌ಮೆಂಟಿನಲ್ಲಿ ಅದು ಒಂದೇ ಒಂದು ಸಾಲು, ಕಿರಣ್. ನಾನು ನೋಡಿರಲಿಲ್ಲ ಅಷ್ಟೆ. ಇವತ್ತಿಗೂ ಆ ಮೊತ್ತ ನನಗೆ ಬಾಯಿಪಾಠ.

ಇನ್ನು ಪ್ರಾವಿಷನ್‌ಗಳು. ಅಕ್ಟೋಬರ್‌ನಲ್ಲಿ ಉರಿಸಿದ ಕರೆಂಟಿನ ಬೆಸ್ಕಾಂ ಬಿಲ್ ಬರುವುದು ನವೆಂಬರ್‌ನಲ್ಲಿ. ಆದರೆ ಮಷಿನ್ ಓಡಿದ್ದು ಅಕ್ಟೋಬರ್‌ನಲ್ಲಿ ಅಲ್ವಾ? ಮೀಟರ್ ರೀಡಿಂಗ್ ನೋಡಿ ಅಂದಾಜು ಮಾಡಿ, 62,000 ಆಗುತ್ತದೆ ಅಂದುಕೋ, 31ನೇ ತಾರೀಖಿಗೆ ಖರ್ಚು ಹಾಕು. ನವೆಂಬರ್ 1ಕ್ಕೆ ಅದನ್ನೇ ರಿವರ್ಸ್ ಮಾಡು. ರಿವರ್ಸ್ ಮರೆತರೆ ನಿಜವಾದ ಬಿಲ್ ಬಂದಾಗ ಖರ್ಚು ಎರಡು ಸಲ ಬೀಳುತ್ತದೆ. ವಿಮೆಯದ್ದು ಇದಕ್ಕೆ ಉಲ್ಟಾ. ವರ್ಷದ 36,000 ಮೊದಲೇ ಕಟ್ಟಿದ್ದೇವೆ, ತಿಂಗಳಿಗೆ 3,000 ಮಾತ್ರ ಖರ್ಚಿಗೆ ಹೋಗಬೇಕು. ಸವಕಳಿಯ ಶೀಟ್ ರೆಡಿ ಇದೆ. ಹೊಸ ಡ್ರಿಲ್ಲಿಂಗ್ ಮಷಿನ್ ಅದರಲ್ಲಿ ಸೇರಿದೆಯಾ ಅಂತ ಮಾತ್ರ ನೋಡು.

ಟಿಡಿಎಸ್ 7ನೇ ತಾರೀಖಿನೊಳಗೆ ಕಟ್ಟಬೇಕು. ಒಂದು ದಿನ ತಡವಾದರೂ ತಿಂಗಳ ಲೆಕ್ಕದಲ್ಲಿ ಶೇ. 1.5 ಬಡ್ಡಿ. ಪಿಎಫ್, ಇಎಸ್‌ಐ 15ಕ್ಕೆ. ಜಿಎಸ್‌ಟಿ ರಿಟರ್ನ್‌ಗಳಲ್ಲಿ ಮಾರಾಟ ತೋರಿಸುವ ಜಿಎಸ್‌ಟಿಆರ್-1 11ಕ್ಕೆ, ತೆರಿಗೆ ಕಟ್ಟುವ 3ಬಿ 20ಕ್ಕೆ. ನಡುವೆ 14ನೇ ತಾರೀಖು ಪೋರ್ಟಲ್‌ನಲ್ಲಿ 2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ಬರುತ್ತದೆ. ನಮ್ಮ ಖರೀದಿ ಪಟ್ಟಿಯನ್ನು ಅದರ ಜೊತೆ ತಾಳೆ ನೋಡು. ಮಾರಿದವರು ರಿಟರ್ನ್‌ನಲ್ಲಿ ನಮ್ಮ ಬಿಲ್ ತೋರಿಸದಿದ್ದರೆ ಆ ತೆರಿಗೆ ನಮಗೆ ಕ್ರೆಡಿಟ್ ಸಿಗುವುದಿಲ್ಲ. ಬಿಟ್ಟುಹೋದ ಬಿಲ್ ಕಂಡ ದಿನವೇ ಅವರಿಗೆ ಫೋನ್ ಮಾಡು. ತಡವಾದಷ್ಟೂ ಫೋನ್ ಎತ್ತುವುದಿಲ್ಲ.

ಕೊನೆಗೆ ಟ್ರಯಲ್ ಬ್ಯಾಲೆನ್ಸ್, ಎಲ್ಲ ಲೆಡ್ಜರ್‌ಗಳ ಡೆಬಿಟ್-ಕ್ರೆಡಿಟ್ ಪಟ್ಟಿ. ಎರಡೂ ಕಡೆ ಸಮ ಬಂತು ಅಂತ ಎದ್ದು ಹೋಗಬೇಡ. ಲಾರಿ ಬಾಡಿಗೆಯನ್ನು ಮಷಿನ್ ರಿಪೇರಿಗೆ ಹಾಕಿದರೂ ಅದು ಸಮವೇ ಬರುತ್ತದೆ. ಸೆಪ್ಟೆಂಬರ್ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಲೆಡ್ಜರ್ ನೋಡು. ಎಲ್ಲಿ ಜಾಸ್ತಿ ವ್ಯತ್ಯಾಸವಿದೆಯೋ ಆ ವೋಚರ್ ತೆರೆದು ಕಾರಣ ಬರೆ. ಗೊತ್ತಾಗದ ದುಡ್ಡನ್ನು ಸಸ್ಪೆನ್ಸ್‌ಗೆ ಹಾಕಿದ್ದರೆ ಅದು ಯಾರದ್ದು ಅಂತ ಕೇಳಿ ಪತ್ತೆ ಮಾಡು. ಅಲ್ಲೇ ಬಿಟ್ಟರೆ ಮಾರ್ಚ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಬಾಕಿ ಪಟ್ಟಿಯನ್ನು ದಿನಗಳ ಲೆಕ್ಕದಲ್ಲಿ ತೆಗೆದು ಮಾಲೀಕರ ಟೇಬಲ್ ಮೇಲಿಡು. 90 ದಿನ ದಾಟಿದವರ ಹೆಸರು ಮೇಲೆ ಬರಲಿ. ಅವರು ಮೊದಲು ನೋಡುವುದು ಅದನ್ನೇ. ನಾನು ನೋಡಿ ಸಹಿ ಹಾಕಿದ ಮೇಲೆ ಅಕ್ಟೋಬರ್‌ಗೆ ಲಾಕ್ ಹಾಕುತ್ತೇವೆ. ಆಮೇಲೆ ಯಾರು ಬಂದು ಹಳೇ ತಾರೀಖಿಗೆ ಒಂದು ಎಂಟ್ರಿ ಹಾಕಪ್ಪಾ ಅಂದರೂ ಹಾಕಬೇಡ, ಮಾಲೀಕರೇ ಕೇಳಿದರೂ ನನ್ನ ಹತ್ತಿರ ಕಳಿಸು. ನಾವು ಕೊಟ್ಟ ಅಂಕಿಗಳನ್ನು ನಂಬಿ ಅವರು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟಿರುತ್ತಾರೆ.

ತಪ್ಪಾದರೆ ಅಳಿಸಿ ಮುಚ್ಚಿಡಬೇಡ, ಬೈಯುವುದಿಲ್ಲ. ಶುಕ್ರವಾರ ಒಂಬತ್ತಕ್ಕೇ ಬಾ. ಬರುವಾಗ ಸೆಕ್ಯುರಿಟಿಯವರಿಗೆ ಹೇಳು, ಸಂಜೆ ರಿಜಿಸ್ಟರ್ ನಿನ್ನ ಕೈಗೆ ಕೊಡದೆ ಮನೆಗೆ ಹೋಗಬಾರದು ಅಂತ.

ಇಂತಿ,
ಸುಮಿತ್ರಾ
ಹಿರಿಯ ಅಕೌಂಟೆಂಟ್