ತೊಗರಿ ಬೆಳೆ ವಿಮೆ: ಸುತ್ತೋಲೆಯಲ್ಲಿ ಇರುವುದು ಇಷ್ಟು

ಊರಿನ ಎಲ್ಲ ರೈತ ಅಣ್ಣಂದಿರಿಗೆ, ಅಕ್ಕಂದಿರಿಗೆ, ಕಾಕಾಗಳಿಗೆ ನಮಸ್ಕಾರ.

ಫಸಲ್ ಬಿಮಾ ಸುತ್ತೋಲೆ ಪಂಚಾಯಿತಿ ಗೋಡೆಗೆ ಅಂಟಿಸಿ ನಾಲ್ಕು ದಿನ ಆಯಿತು. ಓದಿದವರೂ ತಲೆ ಕೆರೆದುಕೊಂಡು ಹೋಗುತ್ತಿದ್ದಾರೆ. ಅದಕ್ಕೇ ನಾವು ಮಾತಾಡುವ ಹಾಗೆ ಬರೆದು, ಅರಿವು ಕೇಂದ್ರದ ಬಾಗಿಲಿಗೆ ಹಚ್ಚಿದ್ದೇನೆ. ಓದಲು ಬಾರದವರಿಗೆ ಮನೆಯ ಹುಡುಗರು ಜೋರಾಗಿ ಓದಿ ಹೇಳಬೇಕು.

ಮೊದಲು ರೊಕ್ಕದ ಮಾತು. ಮುಂಗಾರು ತೊಗರಿಗೆ ರೈತರು ಕಟ್ಟಬೇಕಾದದ್ದು ವಿಮೆ ಮೊತ್ತದ ನೂರಕ್ಕೆ 2 ರೂಪಾಯಿ. ಎಕರೆಗೆ ವಿಮೆ ಮೊತ್ತ 20,000 ಅಂತ ಹಿಡಿದರೆ ನೀವು ಕಟ್ಟುವುದು 400. ಉಳಿದ ಕಂತು ಸರ್ಕಾರಗಳದ್ದು. ಸುತ್ತೋಲೆಯಲ್ಲಿ ಲೆಕ್ಕ ಹೆಕ್ಟೇರಿಗೆ ಇದೆ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ.

ಕೊನೆಯ ದಿನ ಜುಲೈ 31. ಬ್ಯಾಂಕಿನಲ್ಲಿ ಬೆಳೆ ಸಾಲ ಇದ್ದವರು ವಿಮೆ ಬೇಡ ಅಂದರೆ ಅದಕ್ಕೂ 7 ದಿನ ಮುಂಚೆ, ಅಂದರೆ ಜುಲೈ 24ರೊಳಗೆ, ಬ್ಯಾಂಕಿಗೆ ಬರೆದು ಕೊಡಬೇಕು. ಸುಮ್ನೆ ಇದ್ದರೆ ಕಂತು ಖಾತೆಯಿಂದ ತಾನೇ ಕಡಿತ ಆಗುತ್ತದೆ. ಸಾಲ ಇಲ್ಲದವರು ಆಧಾರ್, ಪಹಣಿ, ಪಾಸ್‌ಬುಕ್ ತಗೊಂಡು ಬ್ಯಾಂಕಿಗೋ ಗ್ರಾಮ ಒನ್‌ಗೋ ಹೋಗಿ. ಎಫ್‌ಐಡಿ ನಂಬರ್ ಇಲ್ಲದಿದ್ದರೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿಕೊಳ್ಳಿ.

ರಸೀದಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿಸಿ. ಸರ್ವೆ ನಂಬರ್ ನಿಮ್ಮದೇನಾ? ಬೆಳೆ "ತೊಗರಿ" ಅಂತಲೇ ಇದೆಯಾ? ಹಿಂದೆ ನಮ್ಮ ಓಣಿಯ ಕಾಕಾ ಒಬ್ಬರ ಹೊಲದಲ್ಲಿ ಇದ್ದದ್ದು ತೊಗರಿ, ಬೆಳೆ ಸಮೀಕ್ಷೆಯಲ್ಲಿ ಬಿದ್ದದ್ದು ಹತ್ತಿ. ಕಂತು ಕಟ್ಟಿದ್ದರೂ ಅವರ ಅರ್ಜಿ ತಿರಸ್ಕಾರ ಆಯಿತು. ಆ ಚೀಟಿ ಹಿಡಿದುಕೊಂಡು ಅವರು ನಮ್ಮ ಕಟ್ಟೆ ಮೇಲೆ ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಮೀಕ್ಷೆಯಲ್ಲಿ ಏನು ಬರೆದಿದೆ ಅಂತ "ಬೆಳೆ ದರ್ಶಕ" ಆ್ಯಪ್‌ನಲ್ಲಿ ನೋಡಬಹುದು. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ.

ಈಗ ಎಲ್ಲರೂ ಎಡವುವ ಜಾಗ. ಸುತ್ತೋಲೆಯಲ್ಲಿ ಹೀಗಿದೆ: "ಸ್ಥಳೀಯ ಪ್ರಕೃತಿ ವಿಕೋಪದಿಂದ ಬೆಳೆ ಹಾನಿ ಸಂಭವಿಸಿದಲ್ಲಿ ವಿಮೆಗೊಳಪಟ್ಟ ರೈತರು 72 ಗಂಟೆಗಳೊಳಗಾಗಿ ಸೂಚನೆ ನೀಡತಕ್ಕದ್ದು."

ಅಂದರೆ ಏನು? ಆಲಿಕಲ್ಲು ಬಿತ್ತು, ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯಿತು, ಮೋಡ ಒಡೆದ ಹಾಗೆ ಮಳೆ ಸುರಿಯಿತು, ಸಿಡಿಲಿನಿಂದ ಬೆಂಕಿ ಹತ್ತಿತು. ಇಂಥದ್ದು ಆದರೆ ಮೂರು ದಿನದ ಒಳಗೆ ತಿಳಿಸಬೇಕು. ಸೋಮವಾರ ಬೆಳಗ್ಗೆ ನೀರು ನುಗ್ಗಿದರೆ ಗುರುವಾರ ಬೆಳಗ್ಗೆಗೆ ಮುಗಿಯಿತು. ಮಳೆ ನಿಲ್ಲಲಿ, ತಲಾಟಿ ಬಂದು ನೋಡಲಿ ಅಂತ ಕಾಯಬೇಡಿ. 14447ಕ್ಕೆ ಫೋನ್ ಮಾಡಿ, ಇಲ್ಲಾ ಬ್ಯಾಂಕಿಗೆ ಇಲ್ಲವೇ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಸರ್ವೆ ನಂಬರ್, ಎಷ್ಟು ಎಕರೆ ಹಾಳಾಗಿದೆ ಅನ್ನುವುದು ಹೇಳಿ. ಅವರು ಕೊಡುವ ದೂರಿನ ನಂಬರ್ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಳ್ಳಿ. ಹೊಲದ ಫೋಟೋನೂ ತೆಗೆದಿರಿ.

ಕೊಯ್ದ ಮೇಲೂ ವಿಮೆ ಇದೆ. ಒಣಗಲು ಹೊಲದಲ್ಲೇ ಹರವಿದ ತೊಗರಿ ಅಕಾಲದ ಮಳೆಗೆ ಸಿಕ್ಕರೆ, ಕೊಯ್ದ ದಿನದಿಂದ 14 ದಿನದವರೆಗೆ ನಡೆಯುತ್ತದೆ. ಇಲ್ಲೂ ಅದೇ 72 ಗಂಟೆ. ಒಂದೇ ಕಡೆ ಬಣವೆ ಒಟ್ಟಿದ ಮೇಲೆ ಹಾಳಾದರೆ ಸಿಗುವುದಿಲ್ಲ.

ನೆಟೆ ರೋಗದ ಬಗ್ಗೆ ಬಹಳ ಮಂದಿ ಕೇಳಿದ್ದೀರಿ. ನೆಟೆ ಬಿದ್ದು ಒಣಗಿದರೆ ನಿಮ್ಮೊಬ್ಬರ ಹೊಲ ನೋಡಿ ಪರಿಹಾರ ಕೊಡುವುದಿಲ್ಲ. ಪಂಚಾಯಿತಿಯ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ತೂಕ ಮಾಡುತ್ತಾರೆ. ವಿಮೆಗೆ ಎಕರೆಗೆ ಇಷ್ಟು ಇಳುವರಿ ಬರಬೇಕು ಅಂತ 4 ಕ್ವಿಂಟಲ್ ಗೊತ್ತುಮಾಡಿದ್ದು, ಈ ಸಲ ಸರಾಸರಿ 3 ಬಂದರೆ, ಕಾಲು ಭಾಗ ಕಡಿಮೆ. ಆಗ 20,000ದಲ್ಲಿ 5,000 ಎಕರೆಗೆ ಬರುತ್ತದೆ, ಪಂಚಾಯಿತಿಯಲ್ಲಿ ತೊಗರಿಗೆ ವಿಮೆ ಕಟ್ಟಿದ ಎಲ್ಲರಿಗೂ. ಇಡೀ ಹೊಲ ಒಣಗಿದವರಿಗೆ ಇದು ಸಾಲದು, ನನಗೂ ಬೇಜಾರಿದೆ. ಆದರೆ ನಿಯಮ ಹೀಗಿದೆ ಅಂತ ಮೊದಲೇ ಗೊತ್ತಿರಲಿ. ತೂಕ ಮಾಡಲು ಬಂದ ದಿನ ನಾಲ್ಕು ಜನ ಹೋಗಿ ಪಕ್ಕದಲ್ಲಿ ನಿಂತು ನೋಡಿ, ಯಾವ ಹೊಲ ಕೊಯ್ದರು, ತೂಕ ಎಷ್ಟು ಬರೆದರು ಅಂತ.

ಅರ್ಜಿ ಎಲ್ಲಿಗೆ ಬಂತು ಅಂತ samrakshane.karnataka.gov.in ನಲ್ಲಿ ನೋಡಬಹುದು. ಈ ಬುಧವಾರ ಸಂಜೆ 5ಕ್ಕೆ ನಾನು ಅರಿವು ಕೇಂದ್ರದಲ್ಲೇ ಇರುತ್ತೇನೆ. ರಸೀದಿ, ಪಹಣಿ ತನ್ನಿ, ಕೂತು ಒಂದೊಂದೇ ಹೋಲಿಸಿ ನೋಡೋಣ.