ವಿಷಯ: ಒಂದು ತಿಂಗಳಲ್ಲಿ ಆರು ಸಲ ನೆಟ್ ಕಟ್ – ಕಂಬದ ಮೇಲಿನ ಜಾಯಿಂಟ್ ಸರಿಮಾಡಿ, ಬಿಲ್ ಕಡಿತ ಮಾಡಿ (ಗ್ರಾಹಕ ಸಂಖ್ಯೆ 40718265)

ದಿನಾಂಕ: 14 ಜುಲೈ 2025, ಸಾಗರ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಸಾಗರದಲ್ಲಿರುವ ನಮ್ಮ ಮನೆಗೆ ಎರಡು ವರ್ಷದಿಂದ ನಿಮ್ಮ ಫೈಬರ್ ಕನೆಕ್ಷನ್ ಇದೆ. 100 ಎಂಬಿಪಿಎಸ್ ಪ್ಲಾನ್, ಜಿಎಸ್‌ಟಿ ಸೇರಿ ತಿಂಗಳಿಗೆ ₹942.82. ಒಂದು ತಿಂಗಳೂ ಬಿಲ್ ತಡಮಾಡಿಲ್ಲ. ಮಳೆಗಾಲ ಶುರುವಾದ ಮೇಲೆ ಪದೇ ಪದೇ ಲೈನ್ ಹೋಗುತ್ತಿದೆ. ಪ್ರತಿ ಸಲವೂ ಬರೆದಿಟ್ಟುಕೊಂಡಿದ್ದೇನೆ:

ಜೂನ್ 14, ಸಂಜೆ 4.20ರಿಂದ ಮರುದಿನ ಬೆಳಿಗ್ಗೆ 11ರವರೆಗೆ.
ಜೂನ್ 19, ಬೆಳಿಗ್ಗೆ 10.05ರಿಂದ ಮಧ್ಯಾಹ್ನ 3.30.
ಜೂನ್ 27ರ ಸಂಜೆ 7ರಿಂದ 29ರ ಮಧ್ಯಾಹ್ನ 1ರವರೆಗೆ.
ಜುಲೈ 3, ಬೆಳಿಗ್ಗೆ 11.15ರಿಂದ ಸಂಜೆ 6.45.
ಜುಲೈ 8ರ ಬೆಳಿಗ್ಗೆ 9ರಿಂದ 10ರ ಸಂಜೆ 5ರವರೆಗೆ. ಎರಡು ದಿನಕ್ಕೂ ಜಾಸ್ತಿ.
ಜುಲೈ 12ರ ಮಧ್ಯಾಹ್ನ 2ರಿಂದ ನಿನ್ನೆ ಸಂಜೆ 6ರವರೆಗೆ.

ಒಟ್ಟು 157 ಗಂಟೆ 35 ನಿಮಿಷ. ಅಂದರೆ ಆರೂವರೆ ದಿನ.

ನಾನು ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಜುಲೈ 8ರಿಂದ 10ರವರೆಗೆ ಮೊಬೈಲ್ ಹಾಟ್‌ಸ್ಪಾಟ್ ಹಿಡಿದುಕೊಂಡು ಮಹಡಿಯ ಕಿಟಕಿ ಪಕ್ಕ ಕೂತು ಕೆಲಸ ಮುಗಿಸಬೇಕಾಯಿತು. ಅದೂ ನಡುನಡುವೆ ಹೋಗುತ್ತಿತ್ತು. ಒಬ್ಬ ಕ್ಲೈಂಟ್‌ನ ಜಿಎಸ್‌ಟಿ ಲೆಕ್ಕ ಹೇಳಿದ ಹೊತ್ತಿಗೆ ಕೊಡಲಾಗಲಿಲ್ಲ.

ನಿಮ್ಮ ಕಾಲ್ ಸೆಂಟರ್‌ನವರು ಪ್ರತಿ ಸಲ "ರೂಟರ್ ಆಫ್ ಮಾಡಿ ಆನ್ ಮಾಡಿ" ಎನ್ನುತ್ತಾರೆ. ಮಾಡಿದ್ದೇನೆ. ತೊಂದರೆ ಮನೆಯೊಳಗೆ ಇಲ್ಲ. ಜುಲೈ 11ರಂದು ಮಳೆ ಬರುತ್ತಿದ್ದಾಗ, ವೈಫೈ ಬಿಟ್ಟು ಲ್ಯಾಪ್‌ಟಾಪ್‌ಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿ ಪರೀಕ್ಷೆ ಮಾಡಿದೆ:

```
ping -n 100 192.168.1.1
Sent = 100, Received = 100, Lost = 0 (0% loss)

ping -n 100 8.8.8.8
Sent = 100, Received = 77, Lost = 23 (23% loss)
```

ಮೊದಲನೆಯದು ಲ್ಯಾಪ್‌ಟಾಪ್‌ನಿಂದ ನಮ್ಮ ರೂಟರ್‌ವರೆಗೆ. ಅಲ್ಲಿ ಒಂದೂ ಕಳೆದಿಲ್ಲ. ಹೊರಗೆ ಹೋದ ಮೇಲೆ ನೂರಕ್ಕೆ 23 ಕಳೆದಿವೆ. ಅದೇ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 11.2, ಅಪ್‌ಲೋಡ್ 3.6 ಎಂಬಿಪಿಎಸ್. ಮೇ ತಿಂಗಳಲ್ಲಿ ಇದೇ ಲ್ಯಾಪ್‌ಟಾಪ್, ಇದೇ ಕೇಬಲ್‌ನಲ್ಲಿ 96 ಬರುತ್ತಿತ್ತು. ರೂಟರ್ ಪುಟದಲ್ಲಿ ತೋರಿಸುವ Rx Optical Power ಮೇನಲ್ಲಿ -21.3 dBm ಇದ್ದಿದ್ದು 11ರಂದು -28.6ಕ್ಕೆ ಇಳಿದಿತ್ತು. ಬೆಳಕು ದಾರಿಯಲ್ಲೇ ಸೋರಿಹೋಗುತ್ತಿದೆ ಅನ್ನೋದಕ್ಕೆ ಇನ್ನೇನು ಬೇಕು? ಲೈನ್ ಪೂರ್ತಿ ಹೋದಾಗ LOS ಕೆಂಪು ದೀಪ ಮಿಣುಕುತ್ತಿರುತ್ತದೆ.

ಎಲ್ಲಿ ಸೋರುತ್ತಿದೆ ಅನ್ನೋದೂ ಗೊತ್ತಿದೆ. ನಮ್ಮ ಗೇಟಿನಿಂದ ಮೂರನೇ ಕಂಬದ ಮೇಲೆ ಫೈಬರ್ ಕಟ್ಟಾಗಿದ್ದನ್ನು ಜೂನ್ 15ರಂದು ಜೋಡಿಸಿದರು. ಆ ಜಾಯಿಂಟ್‌ಗೆ ಬಾಕ್ಸ್ ಇಲ್ಲ. ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿದ್ದಾರೆ. ಈಗ ಕವರ್ ಹರಿದು ಗಾಳಿಗೆ ಬಡಿದುಕೊಳ್ಳುತ್ತಿದೆ, ಅದರೊಳಗೆ ನೀರು ನಿಂತಿರೋದು ಕೆಳಗಿನಿಂದಲೇ ಕಾಣಿಸುತ್ತದೆ. ವೈರ್ ಕೂಡ ಜಗ್ಗಿ ಹಲಸಿನ ಕೊಂಬೆಗೆ ಉಜ್ಜುತ್ತಿದೆ. ಫೋಟೋ ಲಗತ್ತಿಸಿದ್ದೇನೆ. ನಿಮ್ಮ ಲೈನ್‌ಮನ್ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಜಡಿಮಳೆಯಲ್ಲೂ ಏಣಿ ಹೊತ್ತು ಬಂದಿದ್ದರು. ಸ್ಪ್ಲೈಸಿಂಗ್ ಮಷಿನ್ ಶಿವಮೊಗ್ಗದಿಂದ ಬರಬೇಕು, ಅದಕ್ಕೇ ಸದ್ಯಕ್ಕೆ ಹೀಗೆ ಮಾಡಿದ್ದೇನೆ ಎಂದು ಅವರೇ ಹೇಳಿದರು. ಮಷಿನ್ ಇವತ್ತಿನವರೆಗೂ ಬಂದಿಲ್ಲ.

ಇದಕ್ಕಿಂತ ಬೇಜಾರಾಗಿದ್ದು ಇನ್ನೊಂದು ವಿಷಯಕ್ಕೆ. ಜುಲೈ 8ರ ದೂರು (ನಂ. 2507083316) ಮರುದಿನ ಬೆಳಿಗ್ಗೆ 9.40ಕ್ಕೆ "ಪರಿಹಾರವಾಗಿದೆ" ಎಂದು ಎಸ್ಎಂಎಸ್ ಬಂತು. ಆಗ ಕೆಂಪು ದೀಪ ಮಿಣುಕುತ್ತಲೇ ಇತ್ತು. ಯಾರೂ ಬಂದಿರಲಿಲ್ಲ, ಫೋನ್ ಕೂಡ ಮಾಡಿರಲಿಲ್ಲ. ಜುಲೈ 12ರ ದೂರಿಗೂ (ನಂ. 2507121904) ಹೀಗೇ ಆಯಿತು. ಕೆಲಸ ಆಗದೆ ದೂರು ಮುಚ್ಚೋದು ಸರಿಯಲ್ಲ ಅಲ್ವಾ?

ಆದ್ದರಿಂದ ಜುಲೈ 17ರ ಗುರುವಾರದೊಳಗೆ ಆ ಕಂಬದ ಜಾಯಿಂಟ್ ತೆಗೆದು ಮಷಿನ್‌ನಲ್ಲೇ ಸ್ಪ್ಲೈಸ್ ಮಾಡಿ, ನೀರು ಹೋಗದ ಬಾಕ್ಸ್ ಹಾಕಿ, ವೈರ್ ಬಿಗಿದು ಕೊಂಬೆಯಿಂದ ದೂರ ಕಟ್ಟಿಸಿ. ಕೆಲಸ ಮುಗಿದ ಮೇಲೆ ನನ್ನ ಎದುರಿಗೇ ಸಿಗ್ನಲ್ ಅಳೆದು ತೋರಿಸಲಿ. ಮೊದಲಿನಂತೆ -21ರ ಆಸುಪಾಸು ಬರಬೇಕು. ನಾನು ಒಪ್ಪುವವರೆಗೆ ದೂರು ಮುಚ್ಚಬೇಡಿ. ನೆಟ್ ಇಲ್ಲದ 157 ಗಂಟೆ 35 ನಿಮಿಷಕ್ಕೆ, 30 ದಿನದ ಬಿಲ್ ಲೆಕ್ಕದಲ್ಲಿ ₹206 ಆಗುತ್ತದೆ. ಅದನ್ನು ಮುಂದಿನ ಬಿಲ್‌ನಲ್ಲಿ ಕಳೆಯಿರಿ. ದೊಡ್ಡ ಮೊತ್ತವಲ್ಲ, ಆದರೆ ಕೊಡದ ಸೇವೆಗೆ ದುಡ್ಡು ತೆಗೆದುಕೊಳ್ಳಬಾರದು.

ಅಷ್ಟರೊಳಗೆ ಆಗದಿದ್ದರೆ, ಟ್ರಾಯ್‌ನ 2012ರ ದೂರು ಪರಿಹಾರ ನಿಯಮದ ಪ್ರಕಾರ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ. ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡುತ್ತೇನೆ. ಅಲ್ಲಿವರೆಗೆ ಹೋಗಬಾರದು ಅನ್ನೋದೇ ನನ್ನ ಆಸೆ.

ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮನೆಯಲ್ಲೇ ಇರುತ್ತೇನೆ. ಬರುವ ಮೊದಲು ನೋಂದಾಯಿತ ನಂಬರಿಗೆ ಒಂದು ಫೋನ್ ಮಾಡಿಸಿ. ಕಂಬ ನಾನೇ ತೋರಿಸುತ್ತೇನೆ.

ಇಂತಿ,
ಸುಧಾ ಜಿ.ಎಸ್.
ಸಾಗರ, ಶಿವಮೊಗ್ಗ ಜಿಲ್ಲೆ

ಲಗತ್ತು: ಪಿಂಗ್ ಮತ್ತು ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್, ರೂಟರ್ ಪುಟದ ಚಿತ್ರ, ಜಾಯಿಂಟ್‌ನ 3 ಫೋಟೋ, ಎರಡು ಎಸ್ಎಂಎಸ್